ತೆರಿಗೆ ನೋಟಿಸ್ ಬಂತಾ? ಮೊದಲು ಅದರ ಮ್ಯಾಲ ತಾರೀಖು ಬರೀರಿ

ಕಬ್ಬೂರ: 2025ರ ಜುಲೈದಾಗ ರಾಜ್ಯದ ತುಂಬ ಸಾವಿರಾರು ಸಣ್ಣ ಅಂಗಡಿಕಾರರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದವು. ಕಿರಾಣಿ, ಬೇಕರಿ, ಚಹಾದಂಗಡಿ, ಕಾಯಿಪಲ್ಲೆ ಅಂಗಡಿ ಯಾವುದೂ ಉಳಿಯಲಿಲ್ಲ. 2021-22ರಿಂದ 2024-25ರ ತನಕ ಫೋನ್‌ಪೇ, ಪೇಟಿಎಂನಂಥ ಯುಪಿಐ ಮೂಲಕ ಯಾರ ಖಾತೆಗೆ ಎಷ್ಟು ರೊಕ್ಕ ಬಂದಿದೆ ಎಂಬ ಲೆಕ್ಕವನ್ನು ಇಲಾಖೆ ತರಿಸಿಕೊಂಡಿತ್ತು. ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದ ಸರಕು ವ್ಯಾಪಾರಿಗಳು, 20 ಲಕ್ಷ ದಾಟಿದ ಸೇವೆ ಕೊಡುವವರು ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ ಎಂದು ಕೇಳಿತ್ತು.

ಅದರಾಗ ಎಲ್ಲರ ಬಾಯಿಗೆ ಬಂದದ್ದು ಹಾವೇರಿಯ ಒಬ್ಬ ಕಾಯಿಪಲ್ಲೆ ವ್ಯಾಪಾರಿಯ ಸುದ್ದಿ. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವ್ಯವಹಾರ ಆಗಿದೆ, ಅದಕ್ಕೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕಟ್ಟಬೇಕು ಎಂದು ಅವರಿಗೆ ನೋಟಿಸ್ ಬಂದಿತ್ತು. ರೈತರಿಂದ ತಂದು ಹಾಗೇ ಮಾರುವ ತಾಜಾ ಕಾಯಿಪಲ್ಲೆಗೆ ಜಿಎಸ್‌ಟಿ ಇಲ್ಲ. ಆದರೆ ಯುಪಿಐ ಲೆಕ್ಕದಲ್ಲಿ ಬದನೆಕಾಯಿ ಮಾರಿದ ರೊಕ್ಕ, ಬಿಸ್ಕೀಟು ಮಾರಿದ ರೊಕ್ಕ ಎಂದು ಬೇರೆ ಬೇರೆ ಕಾಣುವುದಿಲ್ಲ. ಅದನ್ನು ಬೇರೆ ಮಾಡಿ ತೋರಿಸುವ ಕೆಲಸ ಅಂಗಡಿಯವನ ಮೇಲೆ ಬಿತ್ತು. ಆ ವ್ಯಾಪಾರಿ ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ ಹಾಕಿ ಅದರ ದಾಖಲೆ ಇಟ್ಟುಕೊಂಡಿದ್ದಾಗಿ ಹೇಳಿದ್ದರು. ಎಲ್ಲರ ಹತ್ತಿರ ಹಂಗ ಕಾಗದ ಇರಲಿಲ್ಲ.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಸಂಘಟನೆಗಳ ಜೊತೆ ಸಭೆ ಮಾಡಿ, ನೋಂದಣಿ ಮಾಡಿಸಿಕೊಂಡವರಿಂದ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಹೇಳಿದರು. ಟಿವಿಯಲ್ಲಿ ಇದನ್ನು ನೋಡಿ ಬಹಳ ಮಂದಿ ನೋಟಿಸನ್ನು ಗಲ್ಲಾದ ಕೆಳಗೆ ತುರುಕಿ ಸುಮ್ಮನಾದರು. ತೊಂದರೆ ಇರುವುದು ಅಲ್ಲೇ. ಸಭೆಯ ಮಾತು ಎಲ್ಲರಿಗೂ ಸೇರಿದ್ದು, ನೋಟಿಸ್ ಮಾತ್ರ ನಿಮ್ಮ ಹೆಸರಿಗೆ ಬಂದದ್ದು. ನಿಮ್ಮ ಹೆಸರಿನ ನೋಟಿಸ್ ಮುಗಿದಿದೆ ಎಂದು ನಿಮ್ಮ ಹೆಸರಿಗೇ ಒಂದು ಕಾಗದ ಬರುವ ತನಕ ಅದು ಮುಗಿದಂಗಲ್ಲ.

ಯಾಕೆ ಇಷ್ಟು ವರ್ಷ ಎಳೀತದ?

ನೋಂದಣಿ ಮಾಡಿಸಬೇಕಾಗಿದ್ದರೂ ಮಾಡಿಸದವರ ತೆರಿಗೆಯನ್ನು ಅಧಿಕಾರಿಯೇ ಲೆಕ್ಕ ಹಾಕಿ ನಿಗದಿ ಮಾಡಲು ಜಿಎಸ್‌ಟಿ ಕಾಯ್ದೆಯ ಕಲಂ 63 ಅವಕಾಶ ಕೊಡುತ್ತದೆ. ಅದಕ್ಕೆ ಇರುವ ಅವಧಿ, ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ ಐದು ವರ್ಷ. 2022-23ರ ವ್ಯಾಪಾರ ತಗೊಳ್ರಿ. ಅದರ ವಾರ್ಷಿಕ ರಿಟರ್ನಿಗೆ ಕೊನೇ ದಿನ 2023ರ ಡಿಸೆಂಬರ್ 31. ಅಂದರೆ 2028ರ ಡಿಸೆಂಬರ್ 31ರ ತನಕ ಆ ವರ್ಷದ ಬಗ್ಗೆ ಆದೇಶ ಬರಬಹುದು. ಅದರ ಮೇಲೆ ಅಪೀಲು ಹೋದರೆ ಇನ್ನೂ ವರ್ಷಗಳು.

ಅಷ್ಟರೊಳಗೆ ಅಧಿಕಾರಿ ವರ್ಗ ಆಗಿರುತ್ತಾರೆ. ಅಂಗಡಿಯ ಲೆಕ್ಕ ನೋಡುವವರು ಬದಲಾಗಿರುತ್ತಾರೆ. ಮೊಬೈಲ್ ಕೆಟ್ಟು ಹೋಗಿರುತ್ತದೆ. "ಸಾಹೇಬ್ರ, ಅವಾಗೇ ಪೇಪರ್ ಕೊಟ್ಟೇನ್ರಿ" ಎಂದರೆ ಹೊಸದಾಗಿ ಬಂದ ಅಧಿಕಾರಿಗೆ ಅದು ಗೊತ್ತಿರುವುದಿಲ್ಲ. ಅವರ ಮುಂದೆ ಇರುವುದು ಕಚೇರಿಯ ಫೈಲ್ ಮಾತ್ರ. ಅದರಾಗ ನಿಮ್ಮ ಉತ್ತರ ಇಲ್ಲದಿದ್ದರೆ, ಉತ್ತರ ಕೊಟ್ಟಿದ್ದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲಿರುವ ಫೈಲಿನಾಗ ಇರಬೇಕು.

ಒಂದು ಕಾಗದಕ್ಕ ನಾಲ್ಕು ತಾರೀಖು

ಫೈಲ್ ಅಂದರೆ ಕಾಗದ ಕೂಡಿಸಿ ಇಡುವುದಷ್ಟೇ ಅಲ್ಲ. ತೆರಿಗೆ ತಕರಾರಿನಲ್ಲಿ ಬಹಳಷ್ಟು ಸಲ ವಾದ ನಿಲ್ಲುವುದೂ ಬೀಳುವುದೂ ತಾರೀಖಿನ ಮೇಲೆ. ಅದಕ್ಕೆ ಪ್ರತಿ ನೋಟಿಸಿಗೆ ನಾಲ್ಕು ತಾರೀಖು ಬರೆದಿಡಬೇಕು.

ಮೊದಲನೇದು, ಕಾಗದದ ಮೇಲೆ ಅಚ್ಚಾಗಿರುವ ತಾರೀಖು. ಎರಡನೇದು, ಅದು ನಿಮ್ಮ ಕೈಗೆ ಬಂದ ತಾರೀಖು. ಮೂರನೇದು, ಉತ್ತರ ಕೊಡಲು ಕೊನೇ ದಿನ. ನಾಲ್ಕನೇದು, ನೀವು ಉತ್ತರ ಕೊಟ್ಟ ದಿನ ಮತ್ತು ಅದಕ್ಕೆ ಸಿಕ್ಕ ಪಾವತಿ.

ಇದರಲ್ಲಿ ಮಂದಿ ಕಳಕೊಳ್ಳುವುದು ಎರಡನೇ ತಾರೀಖು. ಪೋಸ್ಟಿನಲ್ಲಿ ಬಂದ ನೋಟಿಸಿನ ಲಕೋಟೆಯನ್ನು ಹರಿದು ಒಗೆದು ಬಿಡುತ್ತಾರೆ. ಆ ಲಕೋಟೆಯ ಮೇಲೇ ಅಂಚೆ ಮುದ್ರೆ, ಬಾರ್‌ಕೋಡ್ ಮತ್ತು 13 ಅಕ್ಷರದ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ಆ ನಂಬರ್ ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ದಿನ ಬಟವಾಡೆ ಆಯಿತು ಎಂದು ತೋರಿಸುತ್ತದೆ. ಆ ಮಾಹಿತಿ ಕಾಯಂ ಅಲ್ಲೇ ಇರುವುದಿಲ್ಲ, ಅದಕ್ಕೆ ಅವತ್ತೇ ಪ್ರಿಂಟ್ ತೆಗೆದು ಲಕೋಟೆಯ ಜೊತೆ ನೋಟಿಸಿನ ಹಿಂದೆ ಪಿನ್ ಹೊಡೆದು ಇಡಬೇಕು.

ಯಾಕಂದ್ರ ಆದೇಶ ಬಂದ ಮೇಲೆ ಅಪೀಲು ಹಾಕಲು ಕಲಂ 107ರ ಪ್ರಕಾರ ಇರುವುದು ಮೂರು ತಿಂಗಳು, ಅದೂ ಆದೇಶ ನಿಮಗೆ ತಲುಪಿದ ದಿನದಿಂದ. ಸರಿಯಾದ ಕಾರಣ ಕೊಟ್ಟರೆ ಇನ್ನೊಂದು ತಿಂಗಳು ಅಪೀಲು ಅಧಿಕಾರಿ ಬಿಡಬಹುದು, ಅದಕ್ಕಿಂತ ಹೆಚ್ಚು ಬಿಡುವ ಅಧಿಕಾರ ಅವರಿಗೆ ಇಲ್ಲ. ಆದೇಶದ ಮೇಲೆ ಒಂದು ತಾರೀಖು ಇದ್ದು, ಅದು ಹದಿನೈದು ದಿನ ತಡವಾಗಿ ನಿಮ್ಮ ಮನೆಗೆ ಬಂದಿದ್ದರೆ, ಆ ಹದಿನೈದು ದಿನ ನಿಮ್ಮದು ಎಂದು ಹೇಳುವುದು ಆ ಲಕೋಟೆಯೊಂದೇ.

ಒಂದು ಅಂಗಡಿಯ ಲೆಕ್ಕ

ಕಬ್ಬೂರದಂಥ ಊರಿನಲ್ಲಿ ಒಂದು ಅಂಗಡಿ ಇದೆ ಎಂದು ತಿಳಕೊಳ್ರಿ. ಕಾಯಿಪಲ್ಲೆ, ಬಿಡಿಯಾಗಿ ತೂಗಿ ಕೊಡುವ ಕಾಳು-ಕಡಿ, ಜೊತೆಗೆ ಸ್ವಲ್ಪ ಸಾಬೂನು, ಬಿಸ್ಕೀಟು. ಮುಂದಿನ ತಾರೀಖು, ರೊಕ್ಕ ಎಲ್ಲ ಬರೇ ಉದಾಹರಣೆಗೆ.

2025ರ ಜುಲೈ 9ರ ತಾರೀಖಿನ ನೋಟಿಸ್ ಜುಲೈ 18ರಂದು ಪೋಸ್ಟಿನಲ್ಲಿ ಬಂತು. 2022-23ರಲ್ಲಿ ಯುಪಿಐ ಮೂಲಕ 46,20,000 ರೂಪಾಯಿ ಬಂದಿದೆ, ತಲುಪಿದ 7 ದಿನದಾಗ ವಿವರ ಕೊಡಿ ಎಂದು ಅದರಲ್ಲಿತ್ತು. ಅಂದರೆ ಕೊನೇ ದಿನ ಜುಲೈ 25. ಅಂಗಡಿಯವ ನೋಟಿಸಿನ ಮೇಲಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ "ಬಂದದ್ದು 18-7-2025, ಕೊನೆ 25-7-2025" ಎಂದು ಬರೆದ.

ಮೊದಲ ಕೆಲಸ ಬ್ಯಾಂಕ್ ಸ್ಟೇಟ್‌ಮೆಂಟ್. ಫೋನಿನ ಯುಪಿಐ ಆ್ಯಪಿನ ಹಳೇ ಪಟ್ಟಿ ನಂಬಿ ಕೂರಬಾರದು. ಬ್ಯಾಂಕಿಗೆ ಹೋಗಿ ಆ ಇಡೀ ವರ್ಷದ ಸ್ಟೇಟ್‌ಮೆಂಟನ್ನು ಸಿಕ್ಕಾ ಹಾಕಿಸಿ ತರಬೇಕು. ಅದರಲ್ಲಿ ವ್ಯಾಪಾರದ್ದಲ್ಲದ ಜಮಾಗಳಿಗೆ ಗುರುತು ಹಾಕಬೇಕು. ನಮ್ಮ ಅಂಗಡಿಯವನಿಗೆ ಸಿಕ್ಕಿದ್ದು ಇಷ್ಟು: ಹೆಂಡತಿಯ ಖಾತೆಯಿಂದ ಮತ್ತು ತನ್ನದೇ ಇನ್ನೊಂದು ಖಾತೆಯಿಂದ ಬಂದದ್ದು 5,10,000. ಕೊಟ್ಟಿದ್ದ ಕೈಗಡ ವಾಪಸ್ ಬಂದದ್ದು 2,40,000. ಎರಡೂ ಕೂಡಿ 7,50,000. ಅದನ್ನು ತೆಗೆದರೆ ಯುಪಿಐ ವ್ಯಾಪಾರ ಉಳಿಯುವುದು 38,70,000.

ಇಲ್ಲಿ ಬಹಳ ಮಂದಿ ಜಿಗಿದು "40 ಲಕ್ಷದ ಒಳಗ ಐತಿ, ಮುಗೀತು" ಎಂದು ಬರೆದು ಕೊಡುತ್ತಾರೆ. ಇದು ದೊಡ್ಡ ತಪ್ಪು. 40 ಲಕ್ಷದ ಲೆಕ್ಕದಲ್ಲಿ ನಗದು ವ್ಯಾಪಾರವೂ ಸೇರುತ್ತದೆ. ಅಧಿಕಾರಿ ಮುಂದಿನ ಸಲ ಕೇಳುವುದೇ ಅದನ್ನ. ನಮ್ಮ ಅಂಗಡಿಯವನ ಕೀರ್ದಿಯಲ್ಲಿ ನಗದು ವ್ಯಾಪಾರ 9,30,000 ಇತ್ತು. ಒಟ್ಟು ವ್ಯಾಪಾರ 48,00,000. ಮಿತಿ ದಾಟಿತು.

ಆದರೆ ಅಲ್ಲಿಗೆ ಕಥಿ ಮುಗಿಯಲಿಲ್ಲ. ಮಿತಿ ಎಣಿಸುವಾಗ ತೆರಿಗೆ ಇಲ್ಲದ ಸರಕಿನ ವ್ಯಾಪಾರವನ್ನೂ ಕೂಡಿಸುತ್ತಾರೆ, ತೆರಿಗೆ ಹಾಕುವಾಗ ಮಾತ್ರ ತೆರಿಗೆ ಇರುವ ಸರಕಿನ ಮೇಲಷ್ಟೇ ಹಾಕಬೇಕು. ಬರೇ ಕಾಯಿಪಲ್ಲೆಯಂಥ ವಿನಾಯಿತಿ ಸರಕನ್ನೇ ಮಾರುವವನು ಎಷ್ಟೇ ವ್ಯಾಪಾರ ಮಾಡಿದರೂ ನೋಂದಣಿ ಬೇಕಿಲ್ಲ ಎಂದು ಕಲಂ 23 ಹೇಳುತ್ತದೆ. ಜೊತೆಗೆ ಸಾಬೂನು ಇಟ್ಟ ಕೂಡಲೇ ಆ ರಕ್ಷಣೆ ಹೋಗುತ್ತದೆ. ನಮ್ಮ ಅಂಗಡಿಯವ ಹೋಲ್‌ಸೇಲ್ ಬಿಲ್ಲು, ಅಡತ ಅಂಗಡಿಯ ಪಟ್ಟಿ ತೆಗೆದು ನೋಡಿದಾಗ ಕಾಯಿಪಲ್ಲೆ ಮತ್ತು ಬಿಡಿ ಕಾಳು 41,00,000, ಸಾಬೂನು-ಬಿಸ್ಕೀಟು 7,00,000 ಆಯಿತು.

ಲೆಕ್ಕ ಸುಲಭ ಆಗಲಿ ಎಂದು 5 ಪರ್ಸೆಂಟ್ ಹಿಡಿಯೋಣ. ನೋಟಿಸಿನ 46,20,000ಕ್ಕೆ ತೆರಿಗೆ 2,31,000 ಆಗುತ್ತದೆ. 7,00,000ಕ್ಕೆ 35,000. ನಿಜವಾಗಿ 2022-23ರಲ್ಲಿ ಸಾಬೂನು, ಬಿಸ್ಕೀಟಿಗೆ ದರ ಬೇರೆ ಇತ್ತು, ಬಡ್ಡಿ ದಂಡವೂ ಸೇರುತ್ತದೆ. ಆದರೂ ಈ ಎರಡು ಅಂಕಿಗಳ ನಡುವಿನ 1,96,000 ರೂಪಾಯಿ ಉಳಿಯುವುದು ಖರೀದಿ ಬಿಲ್ಲಿನ ಆ ಕಟ್ಟು ಇದ್ದರೆ ಮಾತ್ರ.

ಜುಲೈ 24ರಂದು ಅಂಗಡಿಯವ ಉತ್ತರವನ್ನು ಎರಡು ಪ್ರತಿ ಮಾಡಿ ಕಚೇರಿಗೆ ಒಯ್ದ. ಒಂದನ್ನು ಕೊಟ್ಟ, ಇನ್ನೊಂದರ ಮೇಲೆ ಸಹಿ, ಸಿಕ್ಕಾ, ತಾರೀಖು ಮತ್ತು ಆವಕ ನಂಬರ್ ಹಾಕಿಸಿಕೊಂಡ. ಬರೇ ಸಹಿ ಇದ್ದರೆ ಯಾರದೆಂದು ಗೊತ್ತಾಗುವುದಿಲ್ಲ. ಬರೇ ಸಿಕ್ಕಾ ಇದ್ದರೆ ಯಾವಾಗ ಎಂದು ಗೊತ್ತಾಗುವುದಿಲ್ಲ. ಆವಕ ನಂಬರ್ ಇದ್ದರೆ ಕಚೇರಿಯ ರಜಿಸ್ಟರಿನಲ್ಲಿ ಆ ದಿನದ ಸಾಲು ಹುಡುಕಬಹುದು. ಉತ್ತರದ ಕೊನೆಗೆ ಜೊತೆಗಿಟ್ಟ ಕಾಗದಗಳ ಯಾದಿಯನ್ನು ಪುಟದ ಸಂಖ್ಯೆ ಹಾಕಿ ಬರೆದಿದ್ದ: ಬ್ಯಾಂಕ್ ಸ್ಟೇಟ್‌ಮೆಂಟ್ 1ರಿಂದ 64, ಖರೀದಿ ಬಿಲ್ಲು 65ರಿಂದ 212. ಹೀಗಿದ್ದರೆ "ಬಿಲ್ಲು ಕೊಟ್ಟೇ ಇಲ್ಲ" ಎಂಬ ಮಾತು ಮುಂದೆ ಬರುವುದಿಲ್ಲ.

ಕಚೇರಿಯಲ್ಲಿ ಆವಕ ನಂಬರ್ ಕೊಡಲು ಒಲ್ಲೆ ಎಂದರೆ ಜಗಳ ಬೇಡ. ಅದೇ ಉತ್ತರವನ್ನು ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ನೋಟಿಸಿನ ಮೇಲೆ ಇಮೇಲ್ ವಿಳಾಸ ಇದ್ದರೆ ಅದಕ್ಕೂ ಕಳಿಸಬೇಕು.

ನೋಂದಣಿ ಆದ ಮ್ಯಾಲ ನೋಟಿಸ್ ಮನಿಗೆ ಬರಂಗಿಲ್ಲ

ನಮ್ಮ ಅಂಗಡಿಯವ ಆಗಸ್ಟ್‌ದಾಗ ನೋಂದಣಿ ಮಾಡಿಸಿದ. ಅಲ್ಲಿಂದ ಆಟದ ಜಾಗ ಬದಲಾಗುತ್ತದೆ. ನೋಟಿಸ್ ತಲುಪಿಸುವ ದಾರಿಗಳನ್ನು ಕಲಂ 169 ಹೇಳುತ್ತದೆ. ಕೈಯಲ್ಲಿ ಕೊಡುವುದು, ಪೋಸ್ಟ್, ಇಮೇಲ್ ಇವುಗಳ ಜೊತೆಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕುವುದೂ ಒಂದು ದಾರಿ. ಪೋಸ್ಟ್‌ಮನ್ ಬರಲಿಲ್ಲ ಎಂದು ಕಾಯುತ್ತ ಕೂತರೆ ನೋಟಿಸ್ ಪೋರ್ಟಲ್‌ನಲ್ಲಿ ಬಂದು ಅವಧಿಯೂ ಮುಗಿದಿರುತ್ತದೆ.

ಇನ್ನೊಂದು ಸಮಸ್ಯೆ ನಮ್ಮ ಕಡೆ ಮನೆ ಮನೆಗೂ ಇದೆ. ನೋಂದಣಿ ಮಾಡಿಸುವಾಗ ಮೊಬೈಲ್ ನಂಬರ್, ಇಮೇಲ್ ಎರಡೂ ಲೆಕ್ಕ ಬರೆಯುವವರದ್ದೇ ಹಾಕಿರುತ್ತಾರೆ. ನೋಟಿಸ್ ಬಂತು ಎಂಬ ಮೆಸೇಜ್ ಅವರ ಫೋನಿಗೆ ಹೋಗುತ್ತದೆ, ಅವರಿಗೆ ನೂರು ಅಂಗಡಿ ಇರುತ್ತವೆ. ಲಾಗಿನ್ ಆಗಿ ಯಾವ ನಂಬರ್ ಇದೆ ಎಂದು ನೋಡಿ, ನಿಮ್ಮದಲ್ಲದಿದ್ದರೆ ಬದಲಾಯಿಸಬೇಕು. ಇದಕ್ಕೆ ಅಧಿಕಾರಿಯ ಮಂಜೂರಾತಿ ಬೇಕಿಲ್ಲ, ಓಟಿಪಿಯಿಂದ ಆಗುತ್ತದೆ.

ಪೋರ್ಟಲ್‌ನಲ್ಲಿ ನೋಟಿಸ್ ನೋಡುವ ಜಾಗ `Services > User Services > View Notices and Orders`. ಅದೇ ಪಟ್ಟಿಯಲ್ಲಿ `View Additional Notices/Orders` ಎಂದು ಇನ್ನೊಂದು ಇತ್ತು. ಕೆಲವು ತರಹದ ನೋಟಿಸ್ ಮೊದಲನೇದರಲ್ಲಿ ಕಾಣದೆ ಎರಡನೇದರಲ್ಲಿ ಮಾತ್ರ ಇರುತ್ತಿದ್ದವು. ಇದರಿಂದ ನೋಟಿಸ್ ನೋಡದೆ ಏಕಪಕ್ಷೀಯ ಆದೇಶ ಆದ ಎಷ್ಟೋ ವ್ಯಾಪಾರಿಗಳು ಮದ್ರಾಸ್ ಹೈಕೋರ್ಟಿಗೆ ಹೋದರು, ಹಲವು ಪ್ರಕರಣಗಳಲ್ಲಿ ಕೋರ್ಟು ಆದೇಶ ರದ್ದು ಮಾಡಿ ಮತ್ತೆ ವಿಚಾರಣೆ ಮಾಡಿ ಎಂದಿತು. ಆಮೇಲೆ ಪೋರ್ಟಲ್ ವ್ಯವಸ್ಥೆ ಸುಧಾರಿಸಿದರು. ಆದರೆ ಎಲ್ಲ ಕೋರ್ಟುಗಳೂ ಎಲ್ಲರಿಗೂ ಹಾಗೆ ಅವಕಾಶ ಕೊಟ್ಟಿಲ್ಲ. ಹೈಕೋರ್ಟಿಗೆ ಹೋಗುವ ಖರ್ಚಿಗಿಂತ ವಾರಕ್ಕೊಮ್ಮೆ ಲಾಗಿನ್ ಆಗಿ ಎರಡೂ ಕಡೆ ನೋಡುವುದು ಅಗ್ಗ.

ಸ್ಕ್ರೀನ್‌ಶಾಟ್ ಹೆಂಗ ಇರಬೇಕು?

ನವೆಂಬರ್ 6ರ ತಾರೀಖಿನ ಕಾರಣ ಕೇಳುವ ನೋಟಿಸ್ ಪೋರ್ಟಲ್‌ನಲ್ಲಿ ಇದ್ದದ್ದನ್ನು ನಮ್ಮ ಅಂಗಡಿಯವ ನೋಡಿದ್ದು ನವೆಂಬರ್ 21ಕ್ಕೆ. 30 ದಿನದ ಅವಧಿ ಡಿಸೆಂಬರ್ 6ಕ್ಕೆ ಮುಗಿಯುತ್ತಿತ್ತು. ಅವ ಆಗಲೇ ಸ್ಕ್ರೀನ್‌ಶಾಟ್ ಹೊಡೆದ.

ಸಾಕ್ಷಿಯಾಗಿ ನಿಲ್ಲಬೇಕಾದರೆ ಅದರಲ್ಲಿ ಮೂರು ಕಾಣಬೇಕು. ಮೇಲೆ ಬ್ರೌಸರ್‌ನ ವಿಳಾಸ, ನಡುವೆ ಅಂಗಡಿಯ ಹೆಸರು ಇಲ್ಲವೇ ಜಿಎಸ್‌ಟಿ ನಂಬರ್, ಕೆಳಗೆ ಕಂಪ್ಯೂಟರ್‌ನ ತಾರೀಖು ಮತ್ತು ಸಮಯ. ಬೇಕಾದ ಸಾಲನ್ನಷ್ಟೇ ಕತ್ತರಿಸಿ ಇಟ್ಟರೆ ಅದು ಯಾರದ್ದು, ಯಾವತ್ತಿನದು ಎಂದು ಹೇಳಲು ಬರುವುದಿಲ್ಲ. ಮೊಬೈಲಿನಲ್ಲಿ ತೆಗೆದರೆ ಮೇಲ್ಗಡೆ ಸಮಯ ಇರುತ್ತದೆ, ತಾರೀಖು ಇರುವುದಿಲ್ಲ. ಅದಕ್ಕೇ ಕಂಪ್ಯೂಟರ್‌ನಲ್ಲಿ ತೆಗೆಯುವುದು ಒಳ್ಳೇದು. ವಾಟ್ಸಾಪ್‌ನಲ್ಲಿ ಲೆಕ್ಕದವರಿಗೆ ಕಳಿಸಿ ಅಲ್ಲೇ ಬಿಟ್ಟರೆ ಫೋಟೋ ಮಸುಕಾಗುತ್ತದೆ, ಫೋನ್ ಬದಲಾದಾಗ ಹೋಗುತ್ತದೆ. ನಿಮ್ಮದೇ ಇಮೇಲಿಗೆ ಅವತ್ತೇ ಕಳಿಸಿಕೊಳ್ಳಿ. ಇಮೇಲಿನ ತಾರೀಖು ಎರಡನೇ ಸಾಕ್ಷಿ ಆಗುತ್ತದೆ.

ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಅನುಕ್ರಮದಲ್ಲಿ ಇಡಬೇಕು. ಆಗ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ.

```
2025-07-18_notice_post.pdf
2025-07-24_reply_stamped.pdf
2025-11-21_portal_notice_seen.png
2025-12-04_reply_ARN.pdf
```

ಸ್ಕ್ರೀನ್‌ಶಾಟ್ ಇದೆ ಎಂದು ಮೂಲ ಪಿಡಿಎಫ್ ಬಿಡಬಾರದು. ನೋಟಿಸಿನ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಬೇಕು, ಅದರ ಮೇಲಿನ ರೆಫರೆನ್ಸ್ ನಂಬರ್ ಬರೆದುಕೊಳ್ಳಬೇಕು. ಆ ನಂಬರನ್ನು ಪೋರ್ಟಲ್‌ನಲ್ಲೇ ಹಾಕಿ ನೋಟಿಸ್ ಖರೆ ಇಲಾಖೆಯದೋ ಅಲ್ಲವೋ ನೋಡಬಹುದು. ತೆರಿಗೆ ಹೆಸರಿನಲ್ಲಿ ಖೊಟ್ಟಿ ಮೆಸೇಜ್ ಕಳಿಸಿ ರೊಕ್ಕ ಹೊಡೆಯುವವರು ಇರುವಾಗ ಇದು ಮೊದಲು ಮಾಡಬೇಕಾದ ಕೆಲಸ.

ಉತ್ತರ ಹಾಕಿದ ಮೇಲೆ ಪೋರ್ಟಲ್ ಎಆರ್‌ಎನ್ ಎಂಬ ಸಂಖ್ಯೆ ಕೊಡುತ್ತದೆ. ಅದು ಬಂದರೆ ಮಾತ್ರ ಉತ್ತರ ಹೋದಂಗ. ಅರ್ಧ ತುಂಬಿ ಉಳಿಸಿ ಇಟ್ಟದ್ದು ಉತ್ತರ ಅಲ್ಲ. ಉತ್ತರದ ನಮೂನೆಯಲ್ಲಿ ಖುದ್ದು ವಿಚಾರಣೆ ಬೇಕೋ ಎಂದು ಕೇಳಿರುತ್ತದೆ, ಅಲ್ಲಿ `Yes` ಎಂದೇ ಹಾಕಬೇಕು. ಬೇಕೆಂದು ಬರೆದು ಕೇಳಿದವರಿಗೆ ವಿಚಾರಣೆ ಕೊಡಲೇಬೇಕು ಎಂದು ಕಲಂ 75 ಹೇಳುತ್ತದೆ. ಕೇಳಿದ್ದೀರಿ ಎಂಬುದಕ್ಕೆ ಆ ಪುಟದ ಪ್ರತಿಯೇ ಆಧಾರ.

ಕೊನೇ ದಿನ ಪೋರ್ಟಲ್ ತೆರೆಯದಿದ್ದರೆ ಏನು? ತಪ್ಪು ತೋರಿಸುವ ಪುಟವನ್ನು ಸಮಯ ಸಮೇತ ಹೊಡೆದುಕೊಳ್ಳಿ, ಒಂದು ತಾಸು ಬಿಟ್ಟು ಇನ್ನೊಂದು. ಜಿಎಸ್‌ಟಿಯ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ ಟಿಕೆಟ್ ನಂಬರ್ ತಗೊಳ್ಳಿ. ಅದೇ ದಿನ ಅಧಿಕಾರಿಗೆ ಇಮೇಲಿನಲ್ಲಿ ಉತ್ತರ ಮತ್ತು ಟಿಕೆಟ್ ನಂಬರ್ ಎರಡೂ ಕಳಿಸಿ. ಟಿಕೆಟ್ ಇಲ್ಲದೆ ಬರೇ "ಸರ್ವರ್ ಡೌನ್ ಇತ್ತು" ಎಂದರೆ ಯಾರೂ ಕೇಳುವುದಿಲ್ಲ.

ಫೈಲಿನ ಮೊದಲ ಪುಟ

ಕಾಗದ ಹೆಚ್ಚಾದಂತೆ ಮೊದಲ ಪುಟದಲ್ಲಿ ಒಂದು ಯಾದಿ ಬೇಕು. ನಮ್ಮ ಅಂಗಡಿಯವನದು ಡಿಸೆಂಬರ್‌ದಾಗ ಹೀಗಿತ್ತು:

1. ನೋಟಿಸ್ 9-7-2025. ಬಂದದ್ದು 18-7, ಪೋಸ್ಟ್, ಲಕೋಟೆ ಇದೆ. ಕೊನೆ 25-7.
2. ಉತ್ತರ 24-7-2025. ಕೈಯಿಂದ ಕೊಟ್ಟದ್ದು, ಸಿಕ್ಕಾ ಮತ್ತು ಆವಕ ನಂಬರ್ ಇದೆ. 212 ಪುಟ.
3. ಕಾರಣ ಕೇಳುವ ನೋಟಿಸ್ 6-11-2025. ನೋಡಿದ್ದು 21-11, ಪೋರ್ಟಲ್, ಸ್ಕ್ರೀನ್‌ಶಾಟ್ ಇದೆ. ಕೊನೆ 6-12.
4. ಉತ್ತರ 4-12-2025. ಪೋರ್ಟಲ್, ಎಆರ್‌ಎನ್ ಇದೆ. ವಿಚಾರಣೆ ಕೇಳಿದೆ.

ಈ ಪುಟ ನೋಡಿದರೆ ಹೊಸ ಅಧಿಕಾರಿಗಾಗಲೀ ಹೊಸ ವಕೀಲರಿಗಾಗಲೀ ಎರಡು ನಿಮಿಷದಲ್ಲಿ ಎಲ್ಲಿಗೆ ಬಂತು ಎಂದು ಗೊತ್ತಾಗುತ್ತದೆ. ಫೋನಿನಲ್ಲಿ ಆದ ಮಾತು ಈ ಯಾದಿಯಲ್ಲಿ ಬರುವುದಿಲ್ಲ. "ಆಯ್ತು, ನೋಡ್ತೀನಿ" ಎಂದು ಕಚೇರಿಯಿಂದ ಹೇಳಿದ್ದರೆ, ಅವತ್ತು ಸಂಜಿಯೊಳಗೆ "ಇವತ್ತು ಫೋನಿನಲ್ಲಿ ಹೀಗೆ ಮಾತಾಯಿತು" ಎಂದು ಎರಡು ಸಾಲಿನ ಇಮೇಲ್ ಹಾಕಿದರೆ ಅದು ಐದನೇ ಸಾಲು ಆಗುತ್ತದೆ.

ಹೊಸ ಉತ್ತರ ಬರೆಯುವ ಮುಂಚೆ ಹಳೇ ಉತ್ತರ ಓದಬೇಕು. ಜುಲೈದಾಗ "ಬರೇ ಕಾಯಿಪಲ್ಲೆ ಮಾರತೇನಿ" ಎಂದು ಬರೆದು ಡಿಸೆಂಬರ್‌ದಾಗ "ಬಿಸ್ಕೀಟು 7 ಲಕ್ಷ" ಎಂದರೆ, ಸುಳ್ಳು ಎಂದು ತೋರಿಸಲು ನಿಮ್ಮದೇ ಕಾಗದ ಸಾಕು. ಹಾಗೆಯೇ ಆಗ ಇಲ್ಲದ ಬಿಲ್ಲನ್ನು ಈಗ ಹಳೇ ತಾರೀಖು ಹಾಕಿ ಮಾಡಿಸುವುದು ತೆರಿಗೆ ತಕರಾರನ್ನು ವಂಚನೆ ಕೇಸಿಗೆ ಒಯ್ಯುತ್ತದೆ. ಕಾಗದ ಇಲ್ಲದಿದ್ದರೆ ಇಲ್ಲ ಎಂದೇ ಬರೆದು, ಅಡತ ಅಂಗಡಿಯಿಂದ ಅವರ ಪುಸ್ತಕದ ನಕಲು ತರುವುದೇ ದಾರಿ.

ಇನ್ನೊಂದು, ಮೂಲ ಕಾಗದ ಯಾರಿಗೂ ಕೊಡಬಾರದು. ಲೆಕ್ಕದವರಿಗೆ, ವಕೀಲರಿಗೆ ಝೆರಾಕ್ಸ್ ಕೊಡಿ. ಮೂಲ ಮನೆಯಲ್ಲೇ ಇರಲಿ.

ಆದೇಶ ವಿರುದ್ಧ ಆದ್ರ?

ಫೈಲ್ ಸರಿಯಿದ್ದ ಮಾತ್ರಕ್ಕೆ ಆದೇಶ ನಿಮ್ಮ ಕಡೆ ಆಗುತ್ತದೆ ಎಂದಲ್ಲ. 2026ರ ಜನವರಿ 12ರಂದು ಪೂರ್ತಿ 2,31,000 ರೂಪಾಯಿ ಕಟ್ಟಿ ಎಂದು ಪೋರ್ಟಲ್‌ನಲ್ಲಿ ಆದೇಶ ಬಂತು ಎಂದುಕೊಳ್ಳಿ. ಅಪೀಲಿಗೆ ಕೊನೇ ದಿನ ಏಪ್ರಿಲ್ 12. ಅಪೀಲು ಹಾಕಬೇಕಾದರೆ ಒಪ್ಪಿಕೊಂಡ ತೆರಿಗೆಯನ್ನು ಪೂರ್ತಿ, ತಕರಾರಿರುವ ತೆರಿಗೆಯ ಶೇ 10ರಷ್ಟನ್ನು ಮೊದಲೇ ಕಟ್ಟಬೇಕು. ನಮ್ಮ ಅಂಗಡಿಯವ ಒಪ್ಪಿದ್ದು 35,000, ಅದರ ಬಡ್ಡಿ ಬೇರೆ. ತಕರಾರಿರುವ 1,96,000ಕ್ಕೆ ಶೇ 10 ಅಂದರೆ 19,600. ಇಷ್ಟು ಕಟ್ಟಿ ಅಪೀಲು ದಾಖಲಾದರೆ ಉಳಿದ ರೊಕ್ಕದ ವಸೂಲಿ ಅಪೀಲು ಮುಗಿಯುವ ತನಕ ನಿಲ್ಲುತ್ತದೆ. ಕಟ್ಟಿದ ಚಲನ್, ಅಪೀಲಿನ ಸ್ವೀಕೃತಿ ಎರಡೂ ಫೈಲಿಗೆ ಹೋಗಬೇಕು. ಬ್ಯಾಂಕ್ ಖಾತೆ ಜಪ್ತಿ ಎಂದು ಯಾರಾದರೂ ಬಂದರೆ ಮೊದಲು ತೋರಿಸುವುದು ಅವೆರಡನ್ನೇ.

ಜುಲೈದಾಗ 212 ಪುಟ ಕೊಟ್ಟಿದ್ದಕ್ಕೆ ಸಿಕ್ಕಾ ಇದ್ದರೆ ಅಪೀಲಿನಲ್ಲಿ ಹೇಳುವ ಮಾತು ಗಟ್ಟಿ: ಖರೀದಿ ಬಿಲ್ಲು ಕೊಟ್ಟಿದ್ದೆ, ಆದೇಶದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಸಿಕ್ಕಾ ಇಲ್ಲದಿದ್ದರೆ ಅಪೀಲು ಅಧಿಕಾರಿಯ ಮೊದಲ ಪ್ರಶ್ನೆ, ಇಷ್ಟು ದಿನ ಇದನ್ನ ಯಾಕೆ ಕೊಡಲಿಲ್ಲ ಎಂಬುದೇ ಆಗುತ್ತದೆ.

ಫೈಲ್ ಎಷ್ಟು ವರ್ಷ ಇಡಬೇಕು ಎಂಬುದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. ನೋಂದಣಿ ಆದವರ ಲೆಕ್ಕಪತ್ರಕ್ಕೆ ಕಲಂ 36ರ ಅಳತೆ, ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು. ಅದೇ ಅಳತೆ ಹಿಡಿದರೆ 2022-23ರ ಕಾಗದ 2029ರ ಡಿಸೆಂಬರ್ 31ರ ತನಕ ಇರಬೇಕು. ಅಪೀಲು ನಡೆದಿದ್ದರೆ ಅದು ಅಂತಿಮವಾಗಿ ಮುಗಿದ ಮೇಲೆ ಒಂದು ವರ್ಷ ಇಲ್ಲವೇ ಆ 72 ತಿಂಗಳು, ಯಾವುದು ತಡವೋ ಅಲ್ಲಿಯ ತನಕ.

ಜುಲೈ 2025ರ ನೋಟಿಸ್ ಇನ್ನೂ ಗಲ್ಲಾದ ಕೆಳಗೆ ಇರುವವರು ಈ ವಾರ ಮಾಡಬೇಕಾದದ್ದು ಒಂದೇ. ಅದನ್ನು ಹೊರಗೆ ತೆಗೆದು, ಕೊಟ್ಟ ಉತ್ತರದ ಪ್ರತಿ ಹುಡುಕಿ, "ಈ ನೋಟಿಸಿನ ಈಗಿನ ಸ್ಥಿತಿ ಏನು, ಮುಕ್ತಾಯ ಆಗಿದ್ದರೆ ಲಿಖಿತವಾಗಿ ತಿಳಿಸಿ" ಎಂದು ನೋಟಿಸಿನ ನಂಬರ್ ಹಾಕಿ ಅರ್ಜಿ ಕೊಡುವುದು. ಎರಡು ಪ್ರತಿ ಒಯ್ಯಿರಿ. ಎರಡನೇದರ ಮೇಲೆ ಸಿಕ್ಕಾ, ತಾರೀಖು, ಆವಕ ನಂಬರ್ ಹಾಕಿಸಿಕೊಂಡು ಬರ್ರಿ.